ಮಲೆನಾಡಿನಲ್ಲಿ ಕೇಬಲ್ ಇಂಟರ್ನೆಟ್: ಸಿಗ್ನಲ್, ನಾಯ್ಸ್ ಮತ್ತು ಆಪರೇಟರನ್ನು ಕೇಳಬೇಕಾದ ಪ್ರಶ್ನೆಗಳು

ಶಿವಮೊಗ್ಗ ಪೇಟೆಯಲ್ಲೂ ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲೂ ಕೆಲವು ವರ್ಷ ಕೇಬಲ್ ಲೈನಿನ ಕೆಲಸ ಮಾಡಿದ್ದೇನೆ. ಆ ಕೆಲಸ ಬಿಟ್ಟ ಮೇಲೂ ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಜನ ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ. ಜೂನ್ ಬಂತೆಂದರೆ ಫೋನೂ ಶುರು. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲಿಗೆ ಸುಲಭದವು, ಆಮೇಲೆ ಸ್ವಲ್ಪ ಒಳಗಿನ ವಿಷಯ.

## ಮೊದಲು ತಿಳಿದುಕೊಳ್ಳಬೇಕಾದ್ದು

ನಮ್ಮನೆಗೆ ಬಂದಿರೋದು ಕೇಬಲ್ ನೆಟ್ಟೋ ಫೈಬರ್ರೋ ಹೇಗೆ ಗೊತ್ತಾಗೋದು? ಎರಡೂ ಕೇಬಲ್‌ನವ್ರೇ ಕೊಡ್ತಾರಲ್ಲ.

ಕಂಪನಿಯ ಹೆಸರು ನೋಡಬೇಡಿ, ಮನೆಯೊಳಗೆ ಬರುವ ವೈರು ನೋಡಿ. ಟಿವಿ ಸೆಟ್‌ಟಾಪ್ ಬಾಕ್ಸಿಗೆ ಹಾಕುವಂಥದೇ ದಪ್ಪ ವೈರು, ತುದಿಯಲ್ಲಿ ತಿರುಪಿ ಕೂರಿಸುವ ಲೋಹದ ಕನೆಕ್ಟರ್, ಅದರ ನಡುವೆ ಚಾಚಿಕೊಂಡ ಒಂದು ತಂತಿ. ಇಷ್ಟು ಇದ್ದು ಅದು ಮೋಡೆಮ್‌ಗೆ ಹೋಗುತ್ತಿದ್ದರೆ ನಿಮ್ಮದು ಕೋಆಕ್ಸಿಯಲ್ ಕೇಬಲ್ ಇಂಟರ್ನೆಟ್. ಅಲ್ಲಿರುವ ಮೋಡೆಮ್ಮನ್ನು ಡಾಕ್ಸಿಸ್ ಮೋಡೆಮ್ ಎನ್ನುತ್ತಾರೆ. ತೆಳ್ಳಗಿನ ವೈರು ಬಂದು ಹಸಿರೋ ನೀಲಿಯೋ ಪ್ಲಾಸ್ಟಿಕ್ ತುದಿಯಿಂದ ಡಬ್ಬಿಗೆ ಸೇರಿದ್ದರೆ ಅದು ಫೈಬರ್. ಈ ಪುಟದ ಮುಕ್ಕಾಲು ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಟಿವಿ ಒಂಚೂರೂ ತೊಂದ್ರೆ ಇಲ್ದೆ ಬರುತ್ತೆ, ನೆಟ್ ಮಾತ್ರ ಕಟ್ಟಾಗುತ್ತೆ. ಒಂದೇ ವೈರಲ್ವಾ?

ವೈರು ಒಂದೇ, ಆದರೆ ಟಿವಿಗೆ ಬೇಕಾದ್ದು ಒಂದು ದಾರಿ, ಇಂಟರ್ನೆಟ್ಟಿಗೆ ಎರಡು. ಟಿವಿ ಚಾನೆಲ್‌ಗಳು ಆಪರೇಟರ್ ಕಡೆಯಿಂದ ಮನೆಗೆ ಬಂದರೆ ಕೆಲಸ ಮುಗಿಯಿತು, ಸೆಟ್‌ಟಾಪ್ ಬಾಕ್ಸ್ ಕೇಬಲ್ ಮೇಲೆ ಮರುಮಾತು ಆಡುವುದಿಲ್ಲ. ಮೋಡೆಮ್ ಹಾಗಲ್ಲ. ನೀವು ಒಂದು ಪುಟ ತೆರೆದರೂ ಅದು ಅದೇ ವೈರಿನಲ್ಲಿ ಹಿಂದಕ್ಕೆ ಸಿಗ್ನಲ್ ಕಳಿಸಬೇಕು.

ಈ ಹಿಂದಿನ ದಾರಿಗೆ ಕೊಟ್ಟಿರುವ ಜಾಗ ತೀರಾ ಕೆಳಗಿನ ಫ್ರೀಕ್ವೆನ್ಸಿ. ಸಾಮಾನ್ಯವಾಗಿ 5ರಿಂದ 65 ಮೆಗಾಹರ್ಟ್ಸ್, ಕೆಲವು ಕಡೆ 42ಕ್ಕೇ ಮುಗಿಯುತ್ತದೆ. ಮನೆಗೆ ಬರುವ ಸಿಗ್ನಲ್ ಅದಕ್ಕಿಂತ ಮೇಲೆ, ನೂರಾರು ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ. ಹಾಗಾಗಿ ಕೆಳಗಿನ ತುದಿ ಮಾತ್ರ ಕೆಟ್ಟರೆ ಟಿವಿಗೆ ಅದು ಗೊತ್ತೇ ಆಗುವುದಿಲ್ಲ. "ಟಿವಿ ಚೆನ್ನಾಗಿದೆ ಅಂದ್ರೆ ಲೈನ್ ಚೆನ್ನಾಗಿದೆ" ಎಂಬ ಮಾತನ್ನು ಹೇಳುವವರು ಯಾರೇ ಆಗಲಿ, ಒಪ್ಪಬೇಡಿ.

ಸಿಗ್ನಲ್ ಎಷ್ಟಿದೆ ಅಂತ ನಾನೇ ನೋಡ್ಬಹುದಾ, ಅವ್ರೇ ಬಂದು ಮೀಟರ್ ಹಾಕ್ಬೇಕಾ?

ಅರ್ಧ ನೀವೇ ನೋಡಬಹುದು. ಮೋಡೆಮ್‌ಗೆ ಸಂಪರ್ಕವಿರುವ ಫೋನು ಅಥವಾ ಕಂಪ್ಯೂಟರಿನ ಬ್ರೌಸರಿನಲ್ಲಿ ಈ ವಿಳಾಸ ಹಾಕಿ:

```
http://192.168.100.1
```

ಹೆಚ್ಚಿನ ಕೇಬಲ್ ಮೋಡೆಮ್‌ಗಳು ಇಲ್ಲಿ ಒಂದು ಪುಟ ತೋರಿಸುತ್ತವೆ. ಅದರಲ್ಲಿ `Status`, `Connection` ಅಥವಾ `Signal` ಎಂಬ ಕಡೆ ಹೋದರೆ `Downstream` ಮತ್ತು `Upstream` ಎಂಬ ಎರಡು ಪಟ್ಟಿಗಳು ಸಿಗುತ್ತವೆ. ಮೊದಲನೆಯದು ಮನೆಗೆ ಬರುವ ದಾರಿ, ಎರಡನೆಯದು ಮನೆಯಿಂದ ಹೋಗುವ ದಾರಿ. ಪಾಸ್‌ವರ್ಡ್ ಕೇಳಿದರೆ ಮೋಡೆಮ್ಮಿನ ತಳದ ಚೀಟಿ ನೋಡಿ. ಅಲ್ಲೂ ಇಲ್ಲದಿದ್ದರೆ ಆಪರೇಟರನ್ನು ಕೇಳಿ. ಕೆಲವರು ಈ ಪುಟವನ್ನು ಮುಚ್ಚಿಟ್ಟಿರುತ್ತಾರೆ.

ನೆಟ್ ಚೆನ್ನಾಗಿರುವ, ಬಿಸಿಲಿರುವ ಒಂದು ದಿನ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಕೆಟ್ಟ ದಿನದ ಅಂಕಿ ಒಂದೇ ಕೈಯಲ್ಲಿದ್ದರೆ ಅರ್ಧ ಕಥೆ ಮಾತ್ರ ಸಿಗುತ್ತದೆ.

## ಅಂಕಿಗಳನ್ನು ಓದುವುದು

ಪುಟ ತೆರೆದೆ, ಬರೀ ನಂಬರು. ಯಾವುದು ಎಷ್ಟಿದ್ರೆ ಸರಿ?

ಮೂರನ್ನು ನೋಡಿದರೆ ಸಾಕು.

ಮೊದಲನೆಯದು `Downstream` ಪಟ್ಟಿಯ `Power`. ಇದರ ಅಳತೆ ಡಿಬಿಎಂವಿ. ಸೊನ್ನೆ ಎಂದರೆ ಸಿಗ್ನಲ್ ಇಲ್ಲ ಎಂದಲ್ಲ, ಒಂದು ಮಿಲಿವೋಲ್ಟ್ ಇದೆ ಎಂದರ್ಥ. ಅದು ಬಹಳ ಒಳ್ಳೆಯ ಮಟ್ಟ. ಮೋಡೆಮ್‌ಗಳನ್ನು −15ರಿಂದ +15ರವರೆಗೆ ಕೆಲಸ ಮಾಡುವಂತೆ ಮಾಡಿರುತ್ತಾರೆ. ಆದರೆ ನೆಮ್ಮದಿ ಇರುವುದು −7ರಿಂದ +7ರ ನಡುವೆ. ಆ ಗೆರೆಯ ಅಂಚಿನಲ್ಲಿರುವ ಮನೆ ಬೇಸಿಗೆಯಲ್ಲಿ ಚೆನ್ನಾಗಿ ನಡೆದು ಮಳೆಗೆ ಬಿದ್ದುಹೋಗುತ್ತದೆ. ಕಂಬಕ್ಕೆ ತೀರಾ ಹತ್ತಿರದ ಮನೆಗಳಲ್ಲಿ ಸಿಗ್ನಲ್ ಜಾಸ್ತಿಯಾಗಿ ಕೆಡುವುದೂ ಉಂಟು. ಅದಕ್ಕೆ ಚಿಕ್ಕ ಅಟೆನ್ಯುಯೇಟರ್ ತಿರುಪಿದರೆ ಆಯಿತು.

ಎರಡನೆಯದು `SNR`, ಅಂದರೆ ಸಿಗ್ನಲ್ ನಾಯ್ಸಿಗಿಂತ, ಎಂದರೆ ವೈರಿಗೆ ನುಗ್ಗಿದ ಬೇಡದ ಗದ್ದಲಕ್ಕಿಂತ, ಎಷ್ಟು ಮೇಲಿದೆ ಎಂಬುದು. 35ರ ಮೇಲಿದ್ದರೆ ನಿರಾಳ. 33ಕ್ಕಿಂತ ಕೆಳಗೆ ಬಂದರೆ ಕಣ್ಣಿಡಬೇಕು. 30ಕ್ಕೆ ಬಂತೆಂದರೆ ಸಾಮಾನ್ಯವಾಗಿ ಬಳಸುವ, 256 ಕ್ವಾಮ್ ಎಂಬ ವಿಧಾನದಲ್ಲಿ ಡೇಟಾ ತುಂಬುವ ಚಾನೆಲ್‌ಗಳು ತಡವರಿಸುತ್ತವೆ.

ಮೂರನೆಯದು `Upstream` ಪಟ್ಟಿಯ `Power`. ಇದನ್ನು ಓದುವಾಗ ಎಲ್ಲರೂ ಎಡವುತ್ತಾರೆ, ಏಕೆಂದರೆ ಇದು ಬರುವ ಸಿಗ್ನಲ್ ಅಲ್ಲ, ಮೋಡೆಮ್ ಎಷ್ಟು ಜೋರಾಗಿ ಕೂಗುತ್ತಿದೆ ಎಂಬ ಲೆಕ್ಕ. ಆಪರೇಟರ್ ಕಡೆಯ ಯಂತ್ರ ಪ್ರತಿ ಮೋಡೆಮ್‌ಗೂ "ನೀನು ಸರಿಯಾಗಿ ಕೇಳಿಸುತ್ತಿಲ್ಲ, ಜೋರು ಮಾಡು" ಅಥವಾ "ಕಡಿಮೆ ಮಾಡು" ಎಂದು ಹೇಳುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ದೊಡ್ಡ ಅಂಕಿ ಕೆಟ್ಟದ್ದು. 38ರಿಂದ 47ರವರೆಗೆ ಇದ್ದರೆ ಚೆನ್ನ. 50 ದಾಟಿದರೆ ಮೋಡೆಮ್ ಗಂಟಲು ಹರಿದುಕೊಳ್ಳುತ್ತಿದೆ ಎಂದರ್ಥ. ನಾಲ್ಕು ಚಾನೆಲ್‌ನಲ್ಲಿ ಒಟ್ಟಿಗೆ ಕಳಿಸುವ ಮೋಡೆಮ್ಮಿನ ಮಿತಿ 51ರ ಆಸುಪಾಸಿಗೇ ಮುಗಿಯುತ್ತದೆ.

ಕೇಬಲ್ ಹುಡುಗ ಮೀಟರ್ ಹಾಕಿ "62 ಬರ್ತಿದೆ, ಸೂಪರ್" ಅಂದ. ನನ್ನ ಮೋಡೆಮ್ ಬರೀ 2 ತೋರಿಸುತ್ತೆ. ಯಾರು ಸುಳ್ಳು?

ಇಬ್ಬರೂ ನಿಜ. ನಮ್ಮ ಕಡೆ ಟಿವಿ ಕೆಲಸದ ಮೀಟರುಗಳು ಮೈಕ್ರೊವೋಲ್ಟ್ ಲೆಕ್ಕದಲ್ಲಿ ಅಳೆಯುತ್ತವೆ, ಮೋಡೆಮ್ ಮಿಲಿವೋಲ್ಟ್ ಲೆಕ್ಕದಲ್ಲಿ. ನಡುವಿನ ವ್ಯತ್ಯಾಸ ಸರಿಯಾಗಿ 60. ಅವನ 62 ನಿಮ್ಮ +2, ಅವನ 50 ನಿಮ್ಮ −10. ಆದರೆ ಅವನು ಯಾವ ಫ್ರೀಕ್ವೆನ್ಸಿಯಲ್ಲಿ ಅಳೆದ ಎಂದು ಕೇಳಿ. ಟಿವಿ ಚಾನೆಲ್ ಒಂದರ ಮೇಲೆ ಅಳೆದ 62ರಿಂದ ಹಿಂದಿನ ದಾರಿಯ ಬಗ್ಗೆ ಏನೂ ತಿಳಿಯುವುದಿಲ್ಲ.

`Uncorrectables` ಅಂತ ಲಕ್ಷಗಟ್ಟಲೆ ಇದೆ. ಹೆದ್ರಬೇಕಾ?

ಅದು ಮೋಡೆಮ್ ಸರಿಪಡಿಸಲಾಗದೆ ಬಿಟ್ಟ ತಪ್ಪುಗಳ ಲೆಕ್ಕ, ಆನ್ ಆದಾಗಿನಿಂದ ಕೂಡುತ್ತಾ ಬಂದದ್ದು. ಮೂರು ತಿಂಗಳಿಂದ ಆನ್ ಇದ್ದರೆ ಲಕ್ಷಕ್ಕೂ ಅರ್ಥವಿಲ್ಲ. ಈಗ ಬರೆದುಕೊಳ್ಳಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಅಲುಗದಿದ್ದರೆ ಹಳೆಯ ಗಾಯ. ಸಾವಿರಗಟ್ಟಲೆ ಏರಿದ್ದರೆ ಈಗಲೂ ರಕ್ತ ಸೋರುತ್ತಿದೆ. ಪಕ್ಕದ `Correctables` ಏರುವುದು ಅಷ್ಟು ಕೆಟ್ಟದ್ದಲ್ಲ, ಅವು ಮೋಡೆಮ್ ತಾನೇ ಸರಿಪಡಿಸಿಕೊಂಡ ತಪ್ಪುಗಳು.

## ಮಳೆ, ನೀರು, ಜಾಯಿಂಟು

ಮಳೆ ಬಂದ್ರೆ ಸಾಕು ನೆಟ್ ಹೋಗುತ್ತೆ. ಕೇಳಿದ್ರೆ "ಮಲೆನಾಡು ಅಲ್ವಾ ಸ್ವಾಮಿ, ಮಳೆಗೆ ಹಂಗೇ" ಅಂತಾರೆ. ನಿಜಾನಾ?

ಅಲ್ಲ. ಆಗುಂಬೆಯ ಮಳೆಯಾದರೂ ಸರಿ, ಗಟ್ಟಿಯಾಗಿ ಮುಚ್ಚಿದ ಕೇಬಲಿನ ಒಳಗೆ ಹೋಗುವ ಸಿಗ್ನಲ್ಲಿಗೆ ಅದರಿಂದ ಏನೂ ಆಗಬಾರದು. ಡಿಶ್ ಆಂಟೆನಾದ ಸಿಗ್ನಲ್ ಮೋಡದ ಮೂಲಕ ಬರುತ್ತದೆ, ಅದು ಮಳೆಗೆ ಹೋದರೆ ಸಹಜ. ಕೇಬಲ್ ಮಳೆಗೆ ಹೋಯಿತೆಂದರೆ ಎಲ್ಲೋ ನೀರು ಒಳಹೊಕ್ಕಿದೆ.

ತೀರ್ಥಹಳ್ಳಿಯಿಂದ ಆಚೆ ಒಂದು ತೋಟದ ಮನೆಯ ಉದಾಹರಣೆ ಹೇಳುತ್ತೇನೆ. ರಸ್ತೆಯ ಕಂಬದಿಂದ ಮನೆಗೆ 75 ಮೀಟರ್. ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದ ಆರ್‌ಜಿ 6 ವೈರು, ನಡುವೆ ಒಂದು ಜಾಯಿಂಟ್. ಮನೆಯಲ್ಲಿ ಎರಡು ದಾರಿಯ ಸ್ಪ್ಲಿಟರ್, ಒಂದು ತುದಿ ಟಿವಿಗೆ, ಇನ್ನೊಂದು ಮೋಡೆಮ್‌ಗೆ. ಯಜಮಾನರು ನಿವೃತ್ತ ಮೇಷ್ಟ್ರು, ಮೇ ತಿಂಗಳಿನ ಅಂಕಿಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದರು. ನನ್ನ ಪುಣ್ಯ.

ಮೊದಲು ಲೆಕ್ಕ ನೋಡೋಣ. ಕಂಬದ ಟ್ಯಾಪಿನಲ್ಲಿ, ಅಂದರೆ ಮನೆಗಳಿಗೆ ಕವಲು ತೆಗೆಯುವ ಡಬ್ಬಿಯಲ್ಲಿ, +13 ಇತ್ತು. ಆರ್‌ಜಿ 6 ವೈರು 75 ಮೀಟರಿಗೆ 306 ಮೆಗಾಹರ್ಟ್ಸ್‌ನಲ್ಲಿ ಸುಮಾರು 9 ಡಿಬಿ ತಿನ್ನುತ್ತದೆ, 602ರಲ್ಲಿ ಸುಮಾರು 12 ಡಿಬಿ. ಫ್ರೀಕ್ವೆನ್ಸಿ ಏರಿದಂತೆ ವೈರು ಹೆಚ್ಚು ತಿನ್ನುವುದು ಅದರ ಗುಣ. ಸ್ಪ್ಲಿಟರ್ ಇನ್ನೊಂದು ಮೂರೂವರೆ ಡಿಬಿ ತೆಗೆಯುತ್ತದೆ. ಅಂದರೆ ಮೋಡೆಮ್ಮಿನಲ್ಲಿ 306ಕ್ಕೆ ಸೊನ್ನೆಯಿಂದ +1, 602ಕ್ಕೆ −3 ಬರಬೇಕು. ಮೇಷ್ಟ್ರ ಡೈರಿಯಲ್ಲಿ ಇದ್ದದ್ದು +1 ಮತ್ತು −3. `Upstream` 44. ಎಲ್ಲ ಸರಿಯಾಗಿತ್ತು.

ಜುಲೈ ಎರಡನೇ ವಾರ, ಮೂರು ದಿನ ಬಿಡದೆ ಮಳೆ. ಆಗ 306ರಲ್ಲಿ −2, 602ರಲ್ಲಿ −13. ಅಲ್ಲಿನ `SNR` 37ರಿಂದ 30ಕ್ಕೆ ಇಳಿದಿತ್ತು. `Uncorrectables` ಗಂಟೆಗೆ ಸಾವಿರಗಟ್ಟಲೆ ಏರುತ್ತಿತ್ತು. `Upstream` ಮಾತ್ರ 44ರಿಂದ 46ಕ್ಕೆ, ಅಷ್ಟೇ.

ಇಲ್ಲಿ ನೋಡಬೇಕಾದ್ದು ಸಿಗ್ನಲ್ ಇಳಿದದ್ದನ್ನಲ್ಲ, ಓರೆಯಾಗಿ ಇಳಿದದ್ದನ್ನು. ಕೆಳಗಿನ ಚಾನೆಲ್ 3 ಡಿಬಿ ಕಳೆದುಕೊಂಡರೆ ಮೇಲಿನದು 10 ಕಳೆದುಕೊಂಡಿದೆ. ಕಂಬದ ಕಡೆಯಲ್ಲೇ ಮಟ್ಟ ಇಳಿದಿದ್ದರೆ ಸಾಮಾನ್ಯವಾಗಿ ಎಲ್ಲವೂ ಸರಿಸುಮಾರು ಒಂದೇ ಸಮ ಇಳಿಯುತ್ತಿತ್ತು. ಮೇಲಿನ ಫ್ರೀಕ್ವೆನ್ಸಿ ಮೊದಲು ಸಾಯುವುದು ವೈರಿನ ಒಳಗೆ ನೀರಿದೆ ಎಂಬುದರ ಗುರುತು. ನಡುತಂತಿಯ ಸುತ್ತ ಇರುವ ಬಿಳಿ ಫೋಮ್ ಮತ್ತು ಅದರ ಮೇಲಿನ ಜಾಲರಿ ನೀರು ಕುಡಿದರೆ ವೈರು ಹೀಗೇ ವರ್ತಿಸುತ್ತದೆ.

ಇದರ ತದ್ವಿರುದ್ಧದ ಗುರುತೂ ಒಂದಿದೆ. ಮೇಲಿನ ಚಾನೆಲ್‌ಗಳು ಚೆನ್ನಾಗಿವೆ, ಆದರೆ `Upstream` 44ರಿಂದ 51ಕ್ಕೆ ಹಾರಿದೆ ಎನ್ನಿ. ಆಗ ನಡುತಂತಿಯೇ ಎಲ್ಲೋ ಸರಿಯಾಗಿ ತಾಗುತ್ತಿಲ್ಲ. ತುಕ್ಕು ಹಿಡಿದೋ ಗಿಡ್ಡವಾಗಿ ಕತ್ತರಿಸಿಯೋ ಕೂದಲೆಳೆಯ ಸಂದು ಬಿದ್ದಿರುತ್ತದೆ. ಅಂಥ ಸಂದನ್ನು ಮೇಲಿನ ಫ್ರೀಕ್ವೆನ್ಸಿ ಹಾರಿಕೊಂಡು ದಾಟುತ್ತದೆ, ಕೆಳಗಿನದಕ್ಕೆ ಆಗುವುದಿಲ್ಲ. ಮೇಲೆ ಕೆಟ್ಟರೆ ನೀರು, ಕೆಳಗೆ ಕೆಟ್ಟರೆ ಸಂದು. ಮೀಟರ್ ಇಲ್ಲದೆ ಮನೆಯಲ್ಲೇ ಕೂತು ಮಾಡಬಹುದಾದ ಈ ಒಂದು ಪರೀಕ್ಷೆ ನನಗೆ ಎಷ್ಟೋ ಸಲ ಕಂಬ ಹತ್ತುವುದನ್ನು ತಪ್ಪಿಸಿದೆ.

ಮೇಷ್ಟ್ರ ತೋಟದ ಜಾಯಿಂಟ್ ಬಿಚ್ಚಿದಾಗ ಕನೆಕ್ಟರಿನಿಂದ ನೀರು ತೊಟ್ಟಿಕ್ಕಿತು. ಅಲ್ಲಿಂದ ಮನೆಯ ಕಡೆಗೆ ಇಳಿಜಾರು. ನೀರು ಜಾಲರಿಯ ಗುಂಟ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹತ್ತಾರು ಮೀಟರ್ ಸಾಗಿತ್ತು. ಒಂದೊಂದು ಅಡಿ ಕತ್ತರಿಸುತ್ತಾ ಹೋದರೂ ಒಣಗಿದ ವೈರು ಸಿಗಲಿಲ್ಲ. ಜಾಯಿಂಟ್ ಒಂದನ್ನೇ ಬದಲಿಸಿದ್ದರೆ ಬಿಸಿಲಿಗೆ ಸರಿಹೋಗಿ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಕೊನೆಗೆ ಇಡೀ 75 ಮೀಟರ್ ತೆಗೆದು, ಜಾಯಿಂಟಿಲ್ಲದ ಒಂದೇ ಉದ್ದದ ಆರ್‌ಜಿ 11 ಎಳೆದರು. ಅದು ದಪ್ಪ, ತಿನ್ನುವುದು ಕಡಿಮೆ. ಅಂಕಿಗಳು 306ಕ್ಕೆ +4, 602ಕ್ಕೆ +2 ಬಂದವು. ಮುಖ್ಯವಾಗಿ, ಆಗಸ್ಟಿನ ಮಳೆಯಲ್ಲೂ ಅವು ಅಲ್ಲೇ ನಿಂತವು.

ಜಾಯಿಂಟಿಗೆ ಟೇಪ್ ಸುತ್ತಿದ್ದಾರಲ್ಲ, ಆದ್ರೂ ನೀರು ಹೋಗುತ್ತಾ?

ಕರೆಂಟಿನ ಕಪ್ಪು ಟೇಪು ನೀರನ್ನು ತಡೆಯುವುದಕ್ಕಿಂತ ಒಳಗೆ ಹೋದ ನೀರನ್ನು ಆರಲು ಬಿಡದೆ ಹಿಡಿದಿಡುತ್ತದೆ. ಒಂದು ಬೇಸಿಗೆ ಕಳೆದರೆ ಅಂಟು ಬಿಡುತ್ತದೆ. ಹೊರಗಿನ ಜಾಯಿಂಟಿಗೆ ಒತ್ತಿ ಕೂರಿಸುವ ಕಂಪ್ರೆಶನ್ ಕನೆಕ್ಟರ್, ಅದರ ಮೇಲೆ ತನ್ನಷ್ಟಕ್ಕೆ ಒಂದಾಗುವ ರಬ್ಬರ್ ಟೇಪು ಹಾಕಬೇಕು. ಇಕ್ಕಳದಲ್ಲಿ ಜಜ್ಜಿದ ಕನೆಕ್ಟರ್ ಹೊರಗೆ ಇರಲೇಬಾರದು. ವೈರು ಗೋಡೆಯೊಳಗೆ ನುಗ್ಗುವ ಮೊದಲು ಒಂದು ಗೇಣು ಕೆಳಗೆ ಜೋಲುಬಿಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಇದಕ್ಕೆ ಖರ್ಚೇ ಇಲ್ಲ, ಆದರೂ ಹತ್ತರಲ್ಲಿ ಎಂಟು ಮನೆಯಲ್ಲಿ ಮಾಡಿರುವುದಿಲ್ಲ.

ಅಂಗಡೀಲಿ ಸಿಗ್ನಲ್ ಬೂಸ್ಟರ್ ಸಿಗುತ್ತಲ್ಲ, ಹಾಕ್ಲಾ?

ಬೇಡ. ಟಿವಿಗಾಗಿ ಮಾರುವ ಅಗ್ಗದ ಬೂಸ್ಟರ್‌ಗಳಲ್ಲಿ ಹಿಂದಿನ ದಾರಿಯೇ ಇರುವುದಿಲ್ಲ. ಹಾಕಿದ ಕೂಡಲೇ ಮೋಡೆಮ್ಮಿನ ಆನ್‌ಲೈನ್ ದೀಪ ಮಿನುಗುತ್ತಲೇ ಉಳಿಯುತ್ತದೆ. ಎರಡೂ ದಾರಿ ಇರುವ ಬೂಸ್ಟರ್ ಆದರೂ ಅದು ಸಿಗ್ನಲ್ಲಿನ ಜೊತೆ ನಾಯ್ಸನ್ನೂ ಎತ್ತುತ್ತದೆ. −13 ಹೋಗಿ −3 ಆಗಬಹುದು, `SNR` ಮಾತ್ರ 30ರಿಂದ ಮೇಲೇಳುವುದಿಲ್ಲ.

ಬೂಸ್ಟರಿಗಿಂತ ಮೊದಲು ಸ್ಪ್ಲಿಟರ್ ನೋಡಿ. ನಾಲ್ಕು ದಾರಿಯ ಸ್ಪ್ಲಿಟರ್ ಹಾಕಿ ಎರಡು ಮಾತ್ರ ಬಳಸುತ್ತಿದ್ದರೆ ಸುಮ್ಮನೆ 7 ಡಿಬಿ ಕಳೆಯುತ್ತಿದ್ದೀರಿ. ಎರಡು ದಾರಿಯದಾದರೆ ಹೋಗುವುದು ಮೂರೂವರೆ ಮಾತ್ರ.

## ಹಿಂದಿನ ದಾರಿಯ ನಾಯ್ಸ್

ಡೌನ್‌ಲೋಡ್ ಎಲ್ಲ ಚೆನ್ನಾಗಿದೆ. ವಿಡಿಯೊ ಕಾಲ್‌ನಲ್ಲಿ ಮಾತ್ರ "ನಿಮ್ಮ ಮಾತು ಕಟ್ಟಾಗ್ತಿದೆ" ಅಂತಾರೆ.

ಅವರ ಮಾತು ನಿಮಗೆ ಬರುತ್ತಿದೆ, ನಿಮ್ಮದು ಅವರಿಗೆ ಹೋಗುತ್ತಿಲ್ಲ. ಹಿಂದಿನ ದಾರಿಯ ತೊಂದರೆ ಹೀಗೇ ಕಾಣಿಸಿಕೊಳ್ಳುತ್ತದೆ. ಆದರೂ ಮೊದಲು ವೈಫೈ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ವಿಂಡೋಸ್ ಕಂಪ್ಯೂಟರಿನಲ್ಲಿ ಇವೆರಡನ್ನು ಒಂದಾದ ಮೇಲೆ ಒಂದು ಓಡಿಸಿ:

```
ping -n 200 192.168.100.1
ping -n 200 8.8.8.8
```

ಮೊದಲನೆಯದು ನಿಮ್ಮ ಮೋಡೆಮ್‌ವರೆಗೆ, ಎರಡನೆಯದು ಹೊರಗಿನವರೆಗೆ. ಮೊದಲನೆಯದರಲ್ಲೇ ಪ್ಯಾಕೆಟ್ ಕಳೆದರೆ ನಿಮ್ಮ ವೈಫೈ ನೋಡಿಕೊಳ್ಳಿ. ಮೊದಲನೆಯದು ಶುದ್ಧ, ಎರಡನೆಯದರಲ್ಲಿ ನಷ್ಟ ಎಂದಾದರೆ ಮೋಡೆಮ್ ಪುಟದ `Event Log` ತೆರೆದು ಇಂಥ ಸಾಲು ಹುಡುಕಿ:

```
No Ranging Response received - T3 time-out
```

ಅದರ ಅರ್ಥ, ಮೋಡೆಮ್ ಕೂಗಿತು, ಆ ಕಡೆಯಿಂದ ಉತ್ತರ ಬರಲಿಲ್ಲ. ವಾರಕ್ಕೊಂದು ಬಂದರೆ ಲೆಕ್ಕಕ್ಕಿಲ್ಲ. ಗಂಟೆಗೆ ಹತ್ತಿಪ್ಪತ್ತು ಬಂದರೆ `Upstream` ಅಂಕಿ ನೋಡಿ. ಅದು 50ರ ಮೇಲಿದ್ದರೆ ಕೂಗು ಅಲ್ಲಿಗೆ ಮುಟ್ಟುತ್ತಿಲ್ಲ, ದೋಷ ನಿಮ್ಮ ವೈರು, ಸ್ಪ್ಲಿಟರ್ ಕಡೆ. ಅದು 42ರಲ್ಲಿ ಆರಾಮಾಗಿದ್ದೂ ಹೀಗಾಗುತ್ತಿದ್ದರೆ ಕೂಗು ಮುಟ್ಟುತ್ತಿದೆ, ಆದರೆ ಅಲ್ಲಿ ಗದ್ದಲ ಜಾಸ್ತಿಯಾಗಿ ಕೇಳಿಸುತ್ತಿಲ್ಲ.

ನಮ್ಮ ಲೈನ್ ಸರಿ ಇದೆ, ಬೇರೆಯವ್ರ ಮನೆಯಿಂದ ನಾಯ್ಸ್ ಬರ್ತಿದೆ ಅಂತಾರೆ. ಅದು ಹೇಗೆ ಸಾಧ್ಯ?

ಇದು ನುಣುಚಿಕೊಳ್ಳುವ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ಬಹಳ ಸಲ ನಿಜವೇ. ಬರುವ ಸಿಗ್ನಲ್ ನೋಡ್‌ನಿಂದ, ಅಂದರೆ ಆಪರೇಟರ್ ಕಡೆಯ ಫೈಬರ್ ಮುಗಿದು ಕೇಬಲ್ ಶುರುವಾಗುವ ಡಬ್ಬಿಯಿಂದ, ಹೊರಟು ಮನೆಮನೆಗೆ ಹಂಚಿಹೋಗುತ್ತದೆ. ಹಿಂದಿನ ದಾರಿಯಲ್ಲಿ ಅದೇ ಮನೆಗಳ ವೈರುಗಳು ಹಳ್ಳಕೊಳ್ಳಗಳು ತುಂಗೆಗೆ ಸೇರುವ ಹಾಗೆ ಒಂದೇ ಕಡೆ ಸೇರುತ್ತವೆ. ಒಂದು ಹಳ್ಳ ಕೆಂಪಾದರೆ ಕೆಳಗಿನ ಹೊಳೆಯೆಲ್ಲ ಕೆಂಪು. ಒಂದು ಮನೆಯಲ್ಲಿ ಸಡಿಲ ಕನೆಕ್ಟರ್ ಇದ್ದು ಅಲ್ಲಿಂದ ಗದ್ದಲ ನುಗ್ಗಿದರೆ ಆ ನೋಡಿನ ಎಲ್ಲ ಮೋಡೆಮ್‌ಗಳ ಮಾತೂ ಅದರಲ್ಲಿ ಮುಳುಗುತ್ತದೆ.

ಅದೂ ಅಲ್ಲದೆ 5ರಿಂದ 65 ಮೆಗಾಹರ್ಟ್ಸ್ ಎಂಬುದು ಗಲಾಟೆಯ ಕೇರಿ. ಶಾರ್ಟ್‌ವೇವ್ ರೇಡಿಯೊ ಅಲ್ಲೇ, ಮೋಟರಿನ ಕಿಡಿ ಅಲ್ಲೇ, ಕಳಪೆ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರುಗಳ ಕೊರೆತವೂ ಅಲ್ಲೇ.

ಶಿವಮೊಗ್ಗದ ಒಂದು ಬಡಾವಣೆಯಲ್ಲಿ ದಿನಾ ಸಂಜೆ ಏಳಕ್ಕೆ ಶುರುವಾಗಿ ಹತ್ತಕ್ಕೆ ನಿಲ್ಲುವ ನಾಯ್ಸ್ ಒಂದಿತ್ತು. ನೋಡಿನಲ್ಲಿ ಮೀಟರ್ ಇಟ್ಟು ಒಬ್ಬ ನಿಂತ. ಇನ್ನೊಬ್ಬ ಒಂದೊಂದೇ ಆಂಪ್ಲಿಫೈಯರಿನ ಹಿಂದಿನ ದಾರಿಯನ್ನು ಕ್ಷಣಕಾಲ ಕಡಿಯುತ್ತಾ ಹೋದ. ಯಾವುದನ್ನು ಕಡಿದಾಗ ಗದ್ದಲ ನಿಲ್ಲುತ್ತದೋ ಅದೇ ಬೀದಿ, ಆಮೇಲೆ ಅದೇ ಕಂಬ, ಆಮೇಲೆ ಅದೇ ಟ್ಯಾಪ್. ಮೂರು ಸಂಜೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಇಂಟರ್ನೆಟ್ ಸಂಪರ್ಕವೇ ಇಲ್ಲದ ಒಂದು ಮನೆ. ಹಳೆಯ ಟಿವಿ ತೆಗೆದ ಕೋಣೆಯಲ್ಲಿ ವೈರಿನ ತುದಿ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಒಂದು ಎಲ್‌ಇಡಿ ಪಟ್ಟಿಯ ಅಡಾಪ್ಟರ್, ಸಂಜೆ ಹಚ್ಚಿ ಮಲಗುವಾಗ ಆರಿಸುತ್ತಿದ್ದರು. ಆ ಬಿಚ್ಚಿದ ತುದಿ ಆಂಟೆನಾ ಆಗಿತ್ತು.

ಹೀಗೆ ಆಗದಂತೆ ತಡೆಯಲು ಟಿವಿಗೆ ಹೋಗುವ ಕವಲಿಗೆ ಹೈಪಾಸ್ ಫಿಲ್ಟರ್ ಎಂಬ ಬೆರಳುಗಾತ್ರದ ವಸ್ತು ತಿರುಪಬಹುದು. ಅದು ಕೆಳಗಿನ ಫ್ರೀಕ್ವೆನ್ಸಿಯನ್ನು ತಡೆಯುತ್ತದೆ. ಟಿವಿ ಕವಲಿನಿಂದ ಹಿಂದಕ್ಕೆ ಹೋಗಬೇಕಾದ್ದು ಏನೂ ಇಲ್ಲದ್ದರಿಂದ ನಷ್ಟವಿಲ್ಲ. ಮೋಡೆಮ್ಮಿನ ಕವಲಿಗೆ ಹಾಕಿದರೆ ಮಾತ್ರ ನೆಟ್ ಸತ್ತುಹೋಗುತ್ತದೆ. ನಿಮ್ಮ ಮನೆಯಲ್ಲಿ ಬಳಸದ ತುದಿಗಳಿದ್ದರೆ 75 ಓಮ್‌ನ ಟರ್ಮಿನೇಟರ್ ಮುಚ್ಚಳ ಹಾಕಿಸಿ.

ತೋಟಕ್ಕೆ ಹಂದಿ ಕಾಟ ಅಂತ ಸೋಲಾರ್ ಬೇಲಿ ಹಾಕಿಸಿದ ಮೇಲೆ ನೆಟ್ ಕೆಟ್ಟಿತು. ಸಂಬಂಧ ಇದೆಯಾ?

ಇರಬಹುದು. ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಂದು ಸಲ ಜೋರಾದ ಹೊಡೆತ ಬಿಡುತ್ತದೆ. ಹಸಿ ಬಳ್ಳಿ ತಾಗಿದ ಕಡೆ, ಸಡಿಲ ಗಂಟಿನ ಕಡೆ ಕಿಡಿ ಹಾರುತ್ತದೆ, ಆ ಕಿಡಿ ಕೆಳಗಿನ ಫ್ರೀಕ್ವೆನ್ಸಿಗಳಲ್ಲೆಲ್ಲ ಟಕ್ ಎನ್ನುತ್ತದೆ. ಹಳೆಯ ರೇಡಿಯೊ ಇದ್ದರೆ ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಇಟ್ಟು ಕೇಳಿ, ಅದೇ ತಾಳ ಸಿಕ್ಕರೆ ಅನುಮಾನ ಬಲವಾಗುತ್ತದೆ. ಬೇಲಿಯನ್ನು ಅರ್ಧ ಗಂಟೆ ಆರಿಸಿ `T3` ಸಾಲುಗಳು ನಿಲ್ಲುತ್ತವೆಯೇ ನೋಡಿ. ನಿಂತರೆ ಬೇಲಿಗೆ ತಾಗುವ ಬಳ್ಳಿ ಸವರಿ, ಕೇಬಲನ್ನು ಬೇಲಿಯಿಂದ ದೂರ ಸರಿಸಿ. ಆದರೂ ಕೇಬಲಿನ ಹೊದಿಕೆ, ಕನೆಕ್ಟರ್ ಗಟ್ಟಿಯಾಗಿದ್ದರೆ ಹೊರಗಿನ ಕಿಡಿ ಒಳಗೆ ನುಗ್ಗುವುದು ಕಷ್ಟ. ಬೇಲಿ ನಿಮ್ಮ ಕೇಬಲಿನ ತೂತನ್ನು ತೋರಿಸಿಕೊಟ್ಟಿತು ಎಂದುಕೊಳ್ಳಿ.

ಸಂಜೆ ಹೊತ್ತು ನಿಧಾನ ಆಗೋದೆಲ್ಲ ನಾಯ್ಸೇನಾ?

ಅಲ್ಲ. ಸಂಜೆಯೂ `SNR`, `Power` ಹಾಗೇ ಇದ್ದು, `Uncorrectables` ಏರದೆ, `T3` ಬರದೆ ಬರೀ ವೇಗ ಇಳಿದರೆ ಅದು ಜನಸಂದಣಿ. ಒಂದೇ ನೋಡಿನ ಚಾನೆಲ್‌ಗಳನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದೀರಿ. ನೀವು ಹೊಸ ವೈರು ಎಳೆಸಿದರೂ ಇದು ಸರಿಹೋಗುವುದಿಲ್ಲ. ಆಪರೇಟರ್ ಚಾನೆಲ್ ಹೆಚ್ಚಿಸಬೇಕು, ಇಲ್ಲವೆ ನೋಡನ್ನು ಎರಡಾಗಿ ಒಡೆಯಬೇಕು.

ಮನೇಲಿ ಯುಪಿಎಸ್ ಇದೆ. ಆದ್ರೂ ಕರೆಂಟ್ ಹೋದ ಕೂಡ್ಲೆ ನೆಟ್ ಹೋಗುತ್ತಲ್ಲ?

ದಾರಿಯಲ್ಲಿರುವ ಆಂಪ್ಲಿಫೈಯರಿಗೂ ಕರೆಂಟು ಬೇಕು. ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಮೋಡೆಮ್ಮಿನ ದೀಪ ಉರಿಸುವುದಕ್ಕಷ್ಟೇ. ನಿಮ್ಮ ಮನೆಯಲ್ಲಿ ಕರೆಂಟ್ ಇದ್ದೂ ನೆಟ್ ಹೋದರೆ ಆಂಪ್ಲಿಫೈಯರ್ ಇರುವ ಬೀದಿಯಲ್ಲಿ ಕರೆಂಟ್ ಇದೆಯೇ ಎಂದು ಒಂದು ಫೋನ್ ಮಾಡಿ ನೋಡಿ.

## ಆಪರೇಟರ್ ಹತ್ತಿರ

ಫೋನ್ ಮಾಡಿದ್ರೆ "ಮೋಡೆಮ್ ಆಫ್ ಮಾಡಿ ಆನ್ ಮಾಡಿ" ಅಂತಾರೆ. ನಾನು ಏನು ಕೇಳ್ಬೇಕು?

"ನೆಟ್ ಸ್ಲೋ" ಎನ್ನಬೇಡಿ, ಅದಕ್ಕೆ ಅವರ ಹತ್ತಿರ ಇರುವುದು ಅದೊಂದೇ ಉತ್ತರ. ಮೋಡೆಮ್ ಆರಿಸುವ ಮೊದಲು ಪುಟದ ಫೋಟೊ ತೆಗೆಯಿರಿ, ಏಕೆಂದರೆ ಬಹಳಷ್ಟು ಮೋಡೆಮ್‌ಗಳಲ್ಲಿ ಆರಿಸಿದರೆ ಲೆಕ್ಕ ಅಳಿಸಿಹೋಗುತ್ತದೆ.

ಹಿಂದಿನ ದಾರಿಯ `SNR` ನಿಮ್ಮ ಪುಟದಲ್ಲಿ ಇಲ್ಲ ಎಂಬುದನ್ನು ಗಮನಿಸಿದ್ದೀರಾ? ಆ ಗದ್ದಲ ಕೇಳಿಸುವುದು ಅವರ ತುದಿಯಲ್ಲಿ, ಹಾಗಾಗಿ ಆ ಅಂಕಿ ಇರುವುದೂ ಅವರ ಯಂತ್ರದಲ್ಲೇ. ಅದನ್ನು ಸಿಎಂಟಿಎಸ್ ಎನ್ನುತ್ತಾರೆ. ನೀವು ನಿಮ್ಮ ಅರ್ಧ ಕೊಟ್ಟು ಅವರ ಅರ್ಧ ಕೇಳಬೇಕು. ನಾನಾದರೆ ವಾಟ್ಸಾಪಿನಲ್ಲಿ ಹೀಗೆ ಬರೆಯುತ್ತೇನೆ:

"ಸರ್, ನನ್ನ ಕಸ್ಟಮರ್ ನಂಬರು ಇದು. ನಿನ್ನೆ ರಾತ್ರಿ 8ರಿಂದ 9ರೊಳಗೆ ಟಿ3 ಟೈಮೌಟ್ 14 ಬಂದಿದೆ, ಫೋಟೊ ಹಾಕಿದ್ದೇನೆ. ಡೌನ್‌ಸ್ಟ್ರೀಮ್ −1, ಎಸ್‌ಎನ್‌ಆರ್ 37, ಅಪ್‌ಸ್ಟ್ರೀಮ್ ಪವರ್ 43. ವೈಫೈ ಅಲ್ಲ, ವೈರ್ ಹಾಕಿ ನೋಡಿದ್ದೇನೆ. ಆ ಹೊತ್ತಿನಲ್ಲಿ ಸಿಎಂಟಿಎಸ್ ಕಡೆ ನನ್ನ ಮೋಡೆಮ್ಮಿನ ಅಪ್‌ಸ್ಟ್ರೀಮ್ ಎಸ್‌ಎನ್‌ಆರ್ ಎಷ್ಟಿತ್ತು? ಅದೇ ನೋಡಿನ ಬೇರೆ ಮೋಡೆಮ್‌ಗಳಿಗೂ ಹೀಗೇ ಆಗಿದೆಯಾ?"

ಕೊನೆಯ ಪ್ರಶ್ನೆಯೇ ಮುಖ್ಯ. ಎಲ್ಲರಿಗೂ ಆಗಿದ್ದರೆ ನಾಯ್ಸ್ ಹುಡುಕುವುದು ಅವರ ಕೆಲಸ, ನಿಮ್ಮ ಮನೆಗೆ ಹುಡುಗನನ್ನು ಕಳಿಸಿ ಕನೆಕ್ಟರ್ ಬದಲಿಸಿದರೆ ಪ್ರಯೋಜನವಿಲ್ಲ. ನಿಮಗೊಬ್ಬರಿಗೇ ಆಗಿದ್ದರೆ ಟ್ಯಾಪಿನಿಂದ ನಿಮ್ಮ ಮೋಡೆಮ್‌ವರೆಗಿನ ವೈರು ನೋಡಬೇಕು. ಹಿಂದಿನ ದಾರಿಯ `SNR` 30ರ ಮೇಲಿದ್ದರೆ ಒಳ್ಳೆಯದು, 25ಕ್ಕಿಂತ ಕೆಳಗೆಂದರೆ ತೊಂದರೆ.

ಹುಡುಗ ಮನೆಗೆ ಬಂದರೆ ಎರಡು ಕಡೆ ಅಳೆಯಲು ಹೇಳಿ: ಕಂಬದ ಟ್ಯಾಪಿನಲ್ಲಿ ಒಂದು, ನಿಮ್ಮ ಮೋಡೆಮ್ಮಿನ ತುದಿಯಲ್ಲಿ ಒಂದು. ನಡುವಿನ ನಷ್ಟ ವೈರಿನ ಉದ್ದಕ್ಕೆ ತಕ್ಕಷ್ಟೇ ಇದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಆರ್‌ಜಿ 6ಕ್ಕೆ 30 ಮೀಟರಿಗೆ 600 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಡಿಬಿ ಎಂದು ನೆನಪಿಟ್ಟರೆ ಸಾಕು. ಮಳೆಯ ದೂರಾದರೆ ಮಳೆ ಇರುವಾಗಲೇ ಬರಲು ಹೇಳಿ, ಬಿಸಿಲಲ್ಲಿ ಬಂದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಎಷ್ಟು ಹೇಳಿದ್ರೂ ಮಾಡ್ತಿಲ್ಲ. ಮುಂದೆ?

ಊರಿನ ಕೇಬಲ್‌ನವರ ಜೊತೆ ಬಾಯಿಮಾತಿನಲ್ಲಿ ಜಗಳ ಆಡಿದ್ದಕ್ಕೆ ದಾಖಲೆ ಇರುವುದಿಲ್ಲ. ಬಿಲ್ಲಿನ ಮೇಲಿರುವ ಇಂಟರ್ನೆಟ್ ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ಡಾಕೆಟ್ ನಂಬರ್ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಆ ನಂಬರ್ ಹಾಕಿ ಬರೆಯಬಹುದು. ಟ್ರಾಯ್‌ಗೆ ನೇರ ಬರೆಯುವವರು ತುಂಬ ಜನ, ಆದರೆ ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ಬಗೆಹರಿಸುವುದಿಲ್ಲ.

ಕೇಬಲ್ ಕನೆಕ್ಟರ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಮಾಮೂಲಿನಾ?

ಮಾಮೂಲಲ್ಲ. ಯಾವುದೋ ಮನೆಯಿಂದಲೋ ಆಂಪ್ಲಿಫೈಯರಿನಿಂದಲೋ ಕರೆಂಟು ಕೇಬಲಿನ ಹೊದಿಕೆಗೆ ಸೋರುತ್ತಿರಬಹುದು. ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ, ಆಪರೇಟರಿಗೆ ಅವತ್ತೇ ಹೇಳಿ. ವೈರು ಮನೆಯೊಳಗೆ ಬರುವ ಕಡೆ ಅದನ್ನು ಅರ್ಥಿಂಗ್‌ಗೆ ಜೋಡಿಸಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮೋಡೆಮ್ ಸುಡುವುದು ಎಷ್ಟೋ ಸಲ ಈ ವೈರಿನಿಂದಲೇ, ಪ್ಲಗ್ಗಿನಿಂದಲ್ಲ. ಸಿಡಿಲು ಶುರುವಾಗುವ ಮೊದಲೇ ಎರಡನ್ನೂ ಬಿಚ್ಚಿಡಿ. ಕಂಬ ಮಾತ್ರ ನೀವು ಹತ್ತಬೇಡಿ.

ನಮ್ಮನೆ ಕಂಬದಿಂದ 250 ಮೀಟರ್ ಒಳಗೆ, ತೋಟದ ನಡುವೆ. ಕೇಬಲ್ ಎಳೀತೀವಿ ಅಂತಿದ್ದಾರೆ.

ಎಳೆಸಬೇಡಿ. ಆರ್‌ಜಿ 6 ಆದರೆ 600 ಮೆಗಾಹರ್ಟ್ಸ್‌ನಲ್ಲಿ 40 ಡಿಬಿಗೂ ಹೆಚ್ಚು ತಿನ್ನುತ್ತದೆ, ಆರ್‌ಜಿ 11 ಆದರೂ 25. ನಡುವೆ ಆಂಪ್ಲಿಫೈಯರ್ ಇಡುತ್ತೇವೆ ಎನ್ನುತ್ತಾರೆ. ಅದಕ್ಕೆ ತೋಟದ ನಡುವೆ ಕರೆಂಟು ಬೇಕು, ಎರಡು ಕಡೆ ಹೊಸ ಜಾಯಿಂಟ್ ಬೇಕು, ಮಂಗ, ಅಳಿಲು, ಬೀಳುವ ಅಡಿಕೆ ಸೋಗೆ ಅದನ್ನು ಬಿಡಬೇಕು. ಅದೇ 250 ಮೀಟರನ್ನು ಫೈಬರ್ ಒಂದು ಡಿಬಿಯೂ ಕಳೆಯದೆ ದಾಟುತ್ತದೆ, ನೀರಿಗೂ ಸಿಡಿಲಿಗೂ ಅದರಲ್ಲಿ ತಾಮ್ರವಿಲ್ಲ. ನೋಡ್‌ವರೆಗೆ ಅವರ ಬಳಿ ಫೈಬರ್ ಇದ್ದೇ ಇರುತ್ತದೆ. ಅಲ್ಲಿಂದ ನಿಮ್ಮ ಮನೆಗೆ ಫೈಬರ್ ಎಳೆದುಕೊಡಲು ಏನು ಖರ್ಚು ಎಂದು ಬರೆದು ಕೊಡಲು ಹೇಳಿ. ಲೋಹದ ತಂತಿಯ ಆಧಾರ ಇಲ್ಲದ ಫೈಬರ್ ಕೊಡುತ್ತಾರಾ ಎಂದೂ ಕೇಳಿ. ಆ ಉಕ್ಕಿನ ತಂತಿ ಇದ್ದರೆ ಸಿಡಿಲಿಗೆ ಮತ್ತೆ ಮನೆಯವರೆಗೆ ದಾರಿ ಸಿಕ್ಕಂತೆ.